ಪನೀರಿನ ನೀರಿನಲ್ಲಿ ಪ್ರೋಟೀನು ಎಷ್ಟಿದೆ?

ಕುಂದಾಪುರದ ಪೇಟೆಯ ಮನೆಗಳಲ್ಲಾಗಲಿ, ಬೈಂದೂರು ಬ್ರಹ್ಮಾವರಗಳ ಕಡೆಯ ಹಳ್ಳಿಯ ಮನೆಗಳಲ್ಲಾಗಲಿ, ಹಾಲನ್ನು ಬೇಕೆಂದೇ ಒಡೆಯಿಸುವ ರೂಢಿ ಹಿಂದೆ ಇರಲಿಲ್ಲ. ಹಾಲು ಒಡೆಯಿತೆಂದರೆ ಅದು ಮನೆಗೆ ಬಂದ ನಷ್ಟವೆಂದೇ ಎಣಿಕೆ. ಹೆಪ್ಪು ಹಾಕಿದ ಹಾಲು ಮೊಸರಾಗುತ್ತಿತ್ತು, ಮೊಸರು ಮಜ್ಜಿಗೆಯಾಗುತ್ತಿತ್ತು, ಬೆಣ್ಣೆ ತುಪ್ಪವಾಗುತ್ತಿತ್ತು. ಇವುಗಳಲ್ಲಿ ಚೆಲ್ಲುವ ಭಾಗವೆಂಬುದೇ ಇರಲಿಲ್ಲ. ಈಗ ಕಾಲ ಬದಲಾಗಿದೆ. ಭಾನುವಾರ ಬಂತೆಂದರೆ ಒಂದು ಲೀಟರು ಹಾಲು ಒಲೆಯ ಮೇಲೇರುತ್ತದೆ. ಉಕ್ಕು ಬಂದೊಡನೆ ಅದಕ್ಕೆ ನಿಂಬೆಯ ರಸ ಬೀಳುತ್ತದೆ. ಬಟ್ಟೆಯಲ್ಲಿ ಉಳಿದ ಬಿಳಿಯ ಗಟ್ಟಿ ಪನೀರಾಗುತ್ತದೆ. ಪಾತ್ರೆಗೆ ಇಳಿದ ಹಸುರುಹಳದಿಯ ಬಿಸಿನೀರು ಅಂಗಳದ ತೆಂಗಿನ ಬುಡಕ್ಕೆ ಅಥವಾ ಬಚ್ಚಲಿಗೆ ಹೋಗುತ್ತದೆ.

ಆ ನೀರಿಗೆ ಕನ್ನಡದಲ್ಲಿ ಹಾಲೊಡಕು ಎಂಬ ಒಳ್ಳೆಯ ಹೆಸರಿದೆ. ಅದನ್ನು ಕುರಿತು ಇತ್ತೀಚೆಗೆ ಎರಡು ಮಾತುಗಳು ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತಿವೆ. ‘ಅದು ಬರಿಯ ನೀರು, ಚೆಲ್ಲಿದರೆ ಏನೂ ಹೋಗದು’ ಎಂಬುದು ಒಂದು. ‘ಹಾಲಿನ ಪ್ರೋಟೀನೆಲ್ಲ ಅದರಲ್ಲಿಯೇ ಇದೆ, ಡಬ್ಬಿಯಲ್ಲಿ ಮಾರುವ ಪುಡಿಯೂ ಅದರಿಂದಲೇ ಆದದ್ದು, ಚೆಲ್ಲುವವರು ಅಮೃತವನ್ನೇ ಚೆಲ್ಲುತ್ತಾರೆ’ ಎಂಬುದು ಇನ್ನೊಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಇವುಗಳಲ್ಲಿ ಎರಡನೆಯದು ಹೆಚ್ಚು ಕೇಡಿನದು. ಅದು ಏಕೆಂಬುದನ್ನು ತೋರಿಸುವುದಕ್ಕೆ ಬಿರುಸಿನ ಮಾತು ಸಾಲದು. ಒಂದು ಲೀಟರು ಹಾಲನ್ನು ತೆಗೆದುಕೊಂಡು ಲೆಕ್ಕ ಹಾಕಬೇಕು.

ನಮ್ಮ ಕರಾವಳಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಟೋನ್ಡ್ ಹಾಲನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನೂರಕ್ಕೆ ೩ ಪಾಲು ಜಿಡ್ಡೂ, ಜಿಡ್ಡಲ್ಲದ ಘನ ಪದಾರ್ಥಗಳು ೮.೫ ಪಾಲೂ ಇರಬೇಕೆಂಬುದು ಕಾನೂನಿನ ನಿಯಮ. ಆ ಘನ ಪದಾರ್ಥಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಾಲಿನ ಸಕ್ಕರೆ, ಎಂದರೆ ಲ್ಯಾಕ್ಟೋಸು. ಅನಂತರದ ಸ್ಥಾನ ಪ್ರೋಟೀನಿನದು. ನಮ್ಮ ಹಿಂದಿನ ಪಠ್ಯಪುಸ್ತಕಗಳು ಇದನ್ನು ಸಸಾರಜನಕವೆಂದು ಕರೆಯುತ್ತಿದ್ದವು. ಒಂದು ಲೀಟರಿನಲ್ಲಿ ಅದು ಸುಮಾರು ೩೨ ಗ್ರಾಂ. ಉಳಿದದ್ದು ಸುಣ್ಣ, ರಂಜಕ ಮೊದಲಾದ ಲವಣಾಂಶಗಳು.

ಈ ೩೨ ಗ್ರಾಂ ಪ್ರೋಟೀನು ಒಂದೇ ಜಾತಿಯದಲ್ಲ. ಐದರಲ್ಲಿ ನಾಲ್ಕು ಪಾಲು, ಎಂದರೆ ಸುಮಾರು ೨೬ ಗ್ರಾಂ, ಕೇಸೀನು ಎಂಬ ಪ್ರೋಟೀನು. ಇದು ನೀರಿನಲ್ಲಿ ಸಕ್ಕರೆಯಂತೆ ಕರಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲಾಡುತ್ತಿರುತ್ತದೆ. ಆ ಉಂಡೆಗಳೂ ಜಿಡ್ಡಿನ ಹನಿಗಳೂ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದುರಿಸುವುದರಿಂದಲೇ ಹಾಲು ಬೆಳ್ಳಗೆ ಕಾಣುವುದು. ಉಂಡೆಗಳ ಮೈಯ ಮೇಲೆ ಋಣವಿದ್ಯುತ್ತಿನ ಆವೇಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿಯೇ ಇರುತ್ತವೆ. ಹುಳಿ ಬಿದ್ದಾಗ ಈ ಆವೇಶವು ತಟಸ್ಥವಾಗುತ್ತ ಬರುತ್ತದೆ. ತಳ್ಳುವ ಬಲ ಇಲ್ಲದಾಗಲು ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಗರಣೆಗಟ್ಟುತ್ತವೆ. ಹಾಲು ಒಡೆಯುವುದೆಂದರೆ ಇದೇ.

ಐದನೆಯ ಪಾಲು, ಎಂದರೆ ಉಳಿದ ಆರು ಗ್ರಾಮಿನಷ್ಟು, ಬೇರೆ ಸ್ವಭಾವದ್ದು. ಇದು ನಿಜವಾಗಿಯೂ ನೀರಿನಲ್ಲಿ ಕರಗಿರುತ್ತದೆ. ಹುಳಿ ಹಾಕಿದರೂ ತಾನಾಗಿ ಕೆಳಗಿಳಿಯುವುದಿಲ್ಲ. ಹಾಲೊಡಕಿನೊಡನೆ ಹೊರಟುಹೋಗುವುದರಿಂದ ಇದಕ್ಕೆ ಹಾಲೊಡಕಿನ ಪ್ರೋಟೀನು ಎಂದೇ ಹೆಸರು. ಎರಡನೆಯ ಮಾತನ್ನಾಡುವವರು ತಿಳಿದುಕೊಂಡಿರುವುದು ಇಷ್ಟನ್ನೇ. ‘ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಹಾಲೊಡಕಿನಲ್ಲಿ ಹೋಗುತ್ತದೆ’ ಎಂಬ ವಾಕ್ಯವು ಪುಸ್ತಕದಲ್ಲಿದೆ, ಸುಳ್ಳೂ ಅಲ್ಲ. ಆದರೆ ಅದು ಚೀಸನ್ನು ಕುರಿತದ್ದು. ಚೀಸು ಮಾಡುವವರು ಹಾಲನ್ನು ಕುದಿಸುವುದಿಲ್ಲ; ಬೆಚ್ಚಗಿರುವ ಹಾಲಿಗೆ ರೆನೆಟ್ ಎಂಬ ಕಿಣ್ವವನ್ನು ಸೇರಿಸಿ ಹೆಪ್ಪುಗಟ್ಟಿಸುತ್ತಾರೆ. ಪನೀರು ಮಾಡುವ ನಾವು ಹಾಲನ್ನು ಕುದಿಸುತ್ತೇವೆ. ಈ ಒಂದು ವ್ಯತ್ಯಾಸದಿಂದ ಲೆಕ್ಕವೇ ಬೇರೆಯಾಗುತ್ತದೆ.

ಕುದಿತವು ಏನು ಮಾಡುವುದೆಂಬುದನ್ನು ತಿಳಿಯಲು ನಮ್ಮ ಹಳ್ಳಿಯವರಿಗೆ ಪ್ರಯೋಗಶಾಲೆ ಬೇಕಿಲ್ಲ. ಗಿಣ್ಣನ್ನು ನೆನೆದರೆ ಸಾಕು. ಹಸು ಕರು ಹಾಕಿದ ಮೊದಲ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿಟ್ಟರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಹುಳಿ ಹಿಂಡುವವರಿಲ್ಲ, ಹೆಪ್ಪು ಹಾಕುವವರಿಲ್ಲ. ಬರಿಯ ಕಾವಿನಿಂದಲೇ ಅದು ಕಟ್ಟಿಕೊಳ್ಳುತ್ತದೆ. ಸಾಧಾರಣ ಹಾಲು ಎಷ್ಟು ಕಾಯಿಸಿದರೂ ಹೀಗೆ ಆಗದು. ಗಿಣ್ಣುಹಾಲಿನಲ್ಲಿ, ಕರುವಿನ ರೋಗನಿರೋಧಕ್ಕಾಗಿ ಪ್ರಕೃತಿಯು ಒದಗಿಸಿರುವ, ಹಾಲೊಡಕಿನ ಜಾತಿಯ ಪ್ರೋಟೀನುಗಳು ಅತಿಶಯವಾಗಿ ತುಂಬಿರುತ್ತವೆ. ಕಾವು ತಗಲಿದೊಡನೆ ಅವು ಕೋಳಿಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ. ಕೇಸೀನು ಹುಳಿಗೆ ಬಗ್ಗುತ್ತದೆ, ಕಾವಿಗೆ ಬಗ್ಗುವುದಿಲ್ಲ. ಹಾಲೊಡಕಿನ ಪ್ರೋಟೀನು ಕಾವಿಗೆ ಬಗ್ಗುತ್ತದೆ, ಹುಳಿಗೆ ಬಗ್ಗುವುದಿಲ್ಲ.

ಇದೇ ಸಂಗತಿಯು ಸಾಧಾರಣ ಹಾಲಿನಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಹಾಲೊಡಕಿನ ಪ್ರೋಟೀನಿನ ಒಂದೊಂದು ಅಣುವೂ ನೂಲಿನ ಉಂಡೆಯಂತೆ ಅಚ್ಚುಕಟ್ಟಾಗಿ ಸುತ್ತಿಕೊಂಡಿರುತ್ತದೆ. ಉಷ್ಣತೆ ೭೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಈ ಉಂಡೆಗಳು ಬಿಚ್ಚಿಕೊಳ್ಳತೊಡಗುತ್ತವೆ. ೯೦ ಡಿಗ್ರಿಯನ್ನು ಮೀರಿದ ಕಾವಿನಲ್ಲಿ ಐದು ಹತ್ತು ನಿಮಿಷವಿದ್ದರೆ ಬಹುಭಾಗ ಬಿಚ್ಚಿಹೋಗುತ್ತದೆ. ಬಿಚ್ಚಿದ ನೂಲಿನ ಒಳಗೆ ಅಡಗಿದ್ದ ಗಂಧಕದ ತುದಿಗಳು ಹೊರಬಂದು ಕೇಸೀನಿನ ಉಂಡೆಗಳ ಮೈಗೆ ಅಂಟಿಕೊಳ್ಳುತ್ತವೆ. ಅನಂತರ ನಿಂಬೆಯ ರಸ ಬಿದ್ದಾಗ ಕೇಸೀನು ಒಂಟಿಯಾಗಿ ಕೆಳಗಿಳಿಯುವುದಿಲ್ಲ. ತನ್ನ ಮೈಗೆ ಅಂಟಿದ ನೆಂಟನನ್ನೂ ಎಳೆದುಕೊಂಡೇ ಇಳಿಯುತ್ತದೆ. ಹೀಗೆ ಹಾಲೊಡಕಿನ ಪ್ರೋಟೀನಿನ ದೊಡ್ಡ ಪಾಲು ನೀರಿನೊಡನೆ ಹೋಗದೆ ಪನೀರಿನೊಳಗೇ ಸೇರಿಬಿಡುತ್ತದೆ.

ಇದನ್ನು ನಂಬುವುದಕ್ಕಿಂತ ನೋಡುವುದು ಮೇಲು. ಕಾಲೇಜಿನ ವಿದ್ಯಾರ್ಥಿಗಳು ಮನೆಯ ಅಡುಗೆಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ಕರೆದು ತಂದ, ಇನ್ನೂ ಕಾಯಿಸದ ಹಾಲು ಅರ್ಧ ಲೀಟರು ಬೇಕು. ಅದನ್ನು ಎರಡು ಪಾತ್ರೆಗಳಿಗೆ ಸಮನಾಗಿ ಹಂಚಿರಿ. ಮೊದಲನೆಯ ಪಾತ್ರೆಯ ಹಾಲನ್ನು ಕೈಗೆ ಬೆಚ್ಚಗೆನಿಸುವಷ್ಟು, ಎಂದರೆ ಸುಮಾರು ೪೦ ಡಿಗ್ರಿಯವರೆಗೆ ಮಾತ್ರ, ಬಿಸಿಮಾಡಿ ನಿಂಬೆಯ ರಸವನ್ನು ಹನಿಹನಿಯಾಗಿ ಸೇರಿಸುತ್ತ ಒಡೆಯಿಸಿರಿ. ಎರಡನೆಯದನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಸ್ವಲ್ಪ ಆರಿಸಿ, ಹಾಗೆಯೇ ಒಡೆಯಿಸಿರಿ. ಎರಡನ್ನೂ ಬೇರೆ ಬೇರೆ ಬಟ್ಟೆಗಳಲ್ಲಿ ಸೋಸಿ, ತಿಳಿಯಾದ ನೀರನ್ನು ಎರಡು ಲೋಟಗಳಲ್ಲಿ ಇಟ್ಟುಕೊಳ್ಳಿರಿ. ಈಗ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಎರಡಕ್ಕೂ ಅದೇ ಹಸುರುಹಳದಿಯ ಬಣ್ಣ.

ಇನ್ನು ಈ ಎರಡು ನೀರುಗಳನ್ನೂ ಬೇರೆ ಬೇರೆಯಾಗಿ ಒಲೆಯ ಮೇಲಿಟ್ಟು ಕುದಿಸಿರಿ. ಮೊದಲನೆಯದು ಕುದಿಗೆ ಹತ್ತಿರವಾಗುತ್ತಿದ್ದಂತೆ ಕದಡಿ, ಅದರಲ್ಲಿ ಬಿಳಿಯ ಚೂರುಗಳು ಕಾಣಿಸಿಕೊಂಡು ತೇಲತೊಡಗುತ್ತವೆ. ಎರಡನೆಯದು ಎಷ್ಟು ಕುದಿದರೂ ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ಮೊದಲನೆಯದರಲ್ಲಿ ಎದ್ದ ಆ ಚೂರುಗಳೇ ಹಾಲೊಡಕಿನ ಪ್ರೋಟೀನು. ಇಟಲಿಯವರು ಚೀಸು ತೆಗೆದ ನೀರನ್ನು ಮತ್ತೆ ಕಾಯಿಸಿ ಇಂಥ ಚೂರುಗಳನ್ನು ಸಂಗ್ರಹಿಸಿ ರಿಕೋಟ ಎಂಬ ಇನ್ನೊಂದು ತಿನಿಸನ್ನು ಮಾಡುವರು. ಎರಡನೆಯ ನೀರಿನಲ್ಲಿ ಚೂರುಗಳು ಏಳದಿರಲು ಕಾರಣವೇನು? ಏಳಬೇಕಾದದ್ದು ಆಗಲೇ ಬಟ್ಟೆಯಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರು ಟೋನ್ಡ್ ಹಾಲನ್ನು ಚೆನ್ನಾಗಿ ಕುದಿಸಿ ಒಡೆಯಿಸಿದರೆ ಸುಮಾರು ೧೫೦ ಗ್ರಾಂ ಪನೀರೂ, ಆವಿಯಾಗಿ ಹೋದದ್ದನ್ನು ಬಿಟ್ಟರೆ ಸುಮಾರು ೮೦೦ ಮಿಲಿಲೀಟರು ಹಾಲೊಡಕೂ ದೊರೆಯುತ್ತವೆ. ಪನೀರಿನ ಹಾಲೊಡಕಿನಲ್ಲಿ ಪ್ರೋಟೀನು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಮೆ, ೦.೪ ಎಂದು ಹಿಡಿದರೆ ತಪ್ಪಾಗದು. ಆದುದರಿಂದ ೮೦೦ ಮಿಲಿಲೀಟರಿನಲ್ಲಿ ಇರುವುದು ಮೂರು ಗ್ರಾಮಿಗೆ ತುಸು ಮೇಲೆ. ಹಾಲಿನ ೩೨ ಗ್ರಾಮಿನಲ್ಲಿ ಇದು ಹತ್ತರಲ್ಲೊಂದು ಪಾಲಾಯಿತು, ಐದರಲ್ಲೊಂದು ಪಾಲಲ್ಲ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು ಇರುವುದೆಂದು ನೆನೆದರೆ, ಒಂದು ಲೀಟರು ಹಾಲಿನ ಪನೀರುನೀರನ್ನು ಚೆಲ್ಲುವವರು ಅರ್ಧ ಮೊಟ್ಟೆಯಷ್ಟು ಪ್ರೋಟೀನನ್ನು ಚೆಲ್ಲುತ್ತಾರೆಂದು ಹೇಳಬಹುದು.

ಈ ಮೂರು ಗ್ರಾಮನ್ನು ಕುರಿತೂ ಒಂದು ಎಚ್ಚರಿಕೆಯ ಮಾತಿದೆ. ಆಹಾರದಲ್ಲಿ ಪ್ರೋಟೀನನ್ನು ಅಳೆಯುವ ಪ್ರಸಿದ್ಧ ವಿಧಾನವು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿದ್ದ ಯೋಹಾನ್ ಕೆಲ್ಡಾಲ್ ೧೮೮೩ರಲ್ಲಿ ಪ್ರಕಟಿಸಿದ್ದು. ಈ ವಿಧಾನದಲ್ಲಿ ಪ್ರೋಟೀನನ್ನೇ ನೇರವಾಗಿ ಅಳೆಯುವುದಿಲ್ಲ. ಪದಾರ್ಥವನ್ನು ಗಂಧಕಾಮ್ಲದಲ್ಲಿ ಬೇಯಿಸಿ ಅದರಲ್ಲಿರುವ ಸಾರಜನಕವನ್ನು ಅಳೆದು, ಹಾಲಿನ ಪದಾರ್ಥವಾದರೆ ಆ ಸಂಖ್ಯೆಯನ್ನು ೬.೩೮ರಿಂದ ಗುಣಿಸಿ, ಬಂದುದನ್ನು ಪ್ರೋಟೀನೆಂದು ಬರೆಯುವರು. ಆದರೆ ಹಾಲಿನ ಸಾರಜನಕವೆಲ್ಲ ಪ್ರೋಟೀನಿನದಲ್ಲ; ಸುಮಾರು ಇಪ್ಪತ್ತರಲ್ಲೊಂದು ಪಾಲು ಯೂರಿಯ ಮೊದಲಾದ ಸಣ್ಣ ಅಣುಗಳದು. ಇವು ಕೇಸೀನಿನ ಜೊತೆ ಇಳಿಯದೆ ಹೆಚ್ಚಾಗಿ ನೀರಿನಲ್ಲಿಯೇ ಉಳಿಯುತ್ತವೆ. ಇವುಗಳ ಸಾರಜನಕವನ್ನು ಗುಣಿಸಿದರೆ ಕಾಗದದ ಮೇಲೆ ಒಂದೂವರೆ ಗ್ರಾಮಿನಷ್ಟು ‘ಪ್ರೋಟೀನು’ ಹುಟ್ಟಿಕೊಳ್ಳುತ್ತದೆ. ಅದನ್ನು ಕಳೆದರೆ, ಚೆನ್ನಾಗಿ ಕುದಿಸಿ ತೆಗೆದ ಹಾಲೊಡಕಿನಲ್ಲಿ ನಿಜವಾದ ಪ್ರೋಟೀನು ಎರಡು ಗ್ರಾಮನ್ನು ಮೀರುವುದು ಕಷ್ಟ.

ಹಾಗಾದರೆ ಆ ನೀರಿನಲ್ಲಿ ಮತ್ತೇನೂ ಇಲ್ಲವೇ? ಇಲ್ಲಿಯೇ ಮೊದಲನೆಯ ಮಾತನ್ನಾಡುವವರು ಎಡವುವುದು. ನಾವು ಒಮ್ಮೆ ನಮ್ಮ ಮನೆಯ ಹಾಲೊಡಕಿನಲ್ಲಿ ೧೦೦ ಮಿಲಿಲೀಟರನ್ನು ಅಳೆದು, ತೂಗಿಟ್ಟ ತಟ್ಟೆಯಲ್ಲಿ ಹಾಕಿ, ಕುದಿಯುವ ನೀರಿನ ಪಾತ್ರೆಯ ಮೇಲಿರಿಸಿ ಪೂರ್ತಿ ಆರಿಸಿದೆವು. ತಟ್ಟೆಯಲ್ಲಿ ಹಳದಿಯ, ಅಂಟಂಟಾದ ಪದಾರ್ಥ ಉಳಿಯಿತು. ತೂಗಿ ನೋಡಲು ಆರು ಗ್ರಾಮಿನ ಆಸುಪಾಸು. ‘ಬರಿಯ ನೀರು’ ಎಂದು ಹೇಳುತ್ತಿದ್ದವರು ಬೆರಗಾದರು. ‘ನೋಡಿ, ಇದೆಲ್ಲ ಪ್ರೋಟೀನು’ ಎಂದು ಇನ್ನೊಂದು ಪಕ್ಷದವರು ಹಿಗ್ಗಿದರು. ಇಬ್ಬರೂ ಆತುರಪಟ್ಟಿದ್ದರು. ಆ ಆರು ಗ್ರಾಮಿನಲ್ಲಿ ಐದಕ್ಕೆ ತುಸು ಕಡಮೆ ಲ್ಯಾಕ್ಟೋಸು, ಅರ್ಧದಷ್ಟು ಲವಣಾಂಶ. ಪ್ರೋಟೀನು ಅರ್ಧಕ್ಕಿಂತಲೂ ಕಡಮೆ.

ಆದುದರಿಂದ ಹಾಲೊಡಕಿನಲ್ಲಿ ಹೋಗುವ ಮುಖ್ಯ ವಸ್ತು ಪ್ರೋಟೀನಲ್ಲ, ಸಕ್ಕರೆ. ೮೦೦ ಮಿಲಿಲೀಟರಿನಲ್ಲಿ ಅದು ೩೮ ಗ್ರಾಮಿನಷ್ಟಿರುತ್ತದೆ; ಕಬ್ಬಿನ ಸಕ್ಕರೆಯಷ್ಟು ಸಿಹಿಯಾಗಿಲ್ಲದಿರುವುದರಿಂದ ನಾಲಗೆಗೆ ಅಷ್ಟಾಗಿ ತಿಳಿಯದು. ಗ್ರಾಮಿಗೆ ನಾಲ್ಕು ಕಿಲೊಕ್ಯಾಲರಿಯಂತೆ ಲೆಕ್ಕ ಹಾಕಿದರೆ ಹಾಲಿನ ಒಟ್ಟು ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲು ಈ ಸಕ್ಕರೆಯೊಡನೆ ಹೊರಟುಹೋಗುತ್ತದೆ. ಹುಳಿಯು ಕೇಸೀನಿನ ಉಂಡೆಗಳಿಂದ ಬಿಡಿಸಿದ ಸುಣ್ಣದ ಒಂದು ಪಾಲೂ ನೀರಿಗೆ ಸೇರಿರುತ್ತದೆ. ಆ ಹಸುರುಹಳದಿಯ ಬಣ್ಣವಂತೂ ರೈಬೋಫ್ಲೇವಿನ್ ಎಂಬ ಬಿ ಗುಂಪಿನ ಜೀವಸತ್ತ್ವದ್ದು. ಹಾಲಿನಲ್ಲಿ ಬಿಳುಪಿನ ಹಿಂದೆ ಅಡಗಿದ್ದ ಬಣ್ಣವು ಬಿಳುಪು ಹೋದಾಗ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಬಿಸಿಲಿನಲ್ಲಿಟ್ಟರೆ ಈ ಜೀವಸತ್ತ್ವ ಬೇಗನೆ ಕೆಡುವುದು.

ಇಷ್ಟು ಸಣ್ಣ ಲೆಕ್ಕಕ್ಕಾಗಿ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವೇನೆಂದು ವಾಚಕರು ಕೇಳಬಹುದು. ನಮ್ಮನ್ನು ಬರೆಯುವಂತೆ ಮಾಡಿದ್ದು ಬೈಂದೂರಿನ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ. ಉಷ್ಣದ ಪಾಠ ಮುಗಿದ ಮೇಲೆ ಅವಳು ಹಿಂದುಳಿದು, “ಸರ್, ಪನೀರಿನ ನೀರು ಹಾಲಿಗಿಂತ ಒಳ್ಳೆಯದು ಹೌದಾ? ನಮ್ಮ ಅಮ್ಮ ತಮ್ಮನಿಗೆ ಈಗ ಅದನ್ನೇ ಕೊಡುವುದು” ಎಂದು ಕೇಳಿದಳು. ವಿಚಾರಿಸಲು ಸಂಗತಿ ತಿಳಿಯಿತು. ಆರು ವರ್ಷದ ಹುಡುಗ, ಮೈಕೈ ತುಂಬಿಕೊಂಡಿಲ್ಲ. ಅದರಲ್ಲಿ ಪ್ರೋಟೀನು ಹೆಚ್ಚೆಂದು ಯಾರೋ ಹೇಳಿದ್ದನ್ನು ನಂಬಿ, ವಾರಕ್ಕೆ ಮೂರು ನಾಲ್ಕು ದಿನ ಮನೆಯ ಹಾಲಿನಿಂದ ಪನೀರು ತೆಗೆದು, ಹುಡುಗನ ಸಂಜೆಯ ಹಾಲಿನ ಬದಲಿಗೆ ಆ ನೀರನ್ನು ಬೆಲ್ಲ ಬೆರೆಸಿ ಕುಡಿಸುತ್ತಿದ್ದರು. ಪನೀರನ್ನು ಉಣ್ಣುತ್ತಿದ್ದವರು ದೊಡ್ಡವರು. ಹುಡುಗನಿಗೆ ಅದರ ರುಚಿ ಹಿಡಿಸದು.

ಆ ತಾಯಿಯದು ಅಸಡ್ಡೆಯಲ್ಲ, ಅಕ್ಕರೆ. ಆದರೆ ಲೆಕ್ಕವನ್ನು ನೋಡಿರಿ. ೨೦೦ ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಪ್ರೋಟೀನು ೬.೪ ಗ್ರಾಂ. ಅದೇ ಲೋಟದ ತುಂಬ ಪನೀರಿನ ನೀರಿನಲ್ಲಿ, ಯೂರಿಯವನ್ನೂ ಸೇರಿಸಿ ಎಣಿಸಿದರೂ, ೦.೮ ಗ್ರಾಂ. ಒಂದು ಲೋಟ ಹಾಲಿಗೆ ಸಮನಾಗಬೇಕಾದರೆ ಮಗು ಎಂಟು ಲೋಟ ನೀರನ್ನು ಕುಡಿಯಬೇಕು. ಜಿಡ್ಡಂತೂ ಬಹುತೇಕ ಪನೀರಿನಲ್ಲಿಯೇ ಉಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕು. ಬೆಳೆಯುವ ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಅದಕ್ಕಿಂತ ಕಡಮೆ ಸಾಲದು. ಇಪ್ಪತ್ತು ಕಿಲೋಗ್ರಾಂ ತೂಗುವ ಮಗುವಿಗೆ ದಿನಕ್ಕೆ ಹದಿನಾರು ಹದಿನೇಳು ಗ್ರಾಮಾದರೂ ಬೇಕಾಗಿರುವಾಗ ಐದೂವರೆ ಗ್ರಾಮಿನ ಕೊರತೆ ಸಣ್ಣದಲ್ಲ. ಹೆಸರಿನ ಮೋಹವು ಮಗುವಿನ ಲೋಟದಿಂದ ನಿಜವಾದ ಪ್ರೋಟೀನನ್ನೇ ಕಸಿದುಕೊಂಡಿತು. ನಾವು ಎರಡನೆಯ ಮಾತನ್ನು ಹೆಚ್ಚು ಕೇಡಿನದೆಂದು ಹೇಳಿದ್ದು ಈ ಕಾರಣದಿಂದ.

ಡಬ್ಬಿಯ ಪುಡಿಯ ವಿಷಯವನ್ನೂ ಇಲ್ಲಿಯೇ ಮುಗಿಸೋಣ. ಅದನ್ನು ಮಾಡುವುದು ಚೀಸಿನ ಹಾಲೊಡಕಿನಿಂದ. ಅದರಲ್ಲಿ ಲೀಟರಿಗೆ ಆರು ಗ್ರಾಮಿನಷ್ಟು ಪ್ರೋಟೀನು ಕರಗಿಯೇ ಉಳಿದಿರುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಹಾಯಿಸಿ ಸಕ್ಕರೆಯನ್ನೂ ನೀರನ್ನೂ ಹೊರತಳ್ಳುವರು. ನೂರಕ್ಕೆ ಎಂಬತ್ತು ಪಾಲು ಪ್ರೋಟೀನಿರುವ ಒಂದು ಕಿಲೋಗ್ರಾಂ ಪುಡಿಗೆ, ಲೆಕ್ಕದ ಪ್ರಕಾರ, ೧೩೦ ಲೀಟರಿಗೂ ಮೇಲ್ಪಟ್ಟು ಹಾಲೊಡಕು ಬೇಕು. ನಮ್ಮ ಪಾತ್ರೆಯ ನೀರಿಗೂ ಆ ಪುಡಿಗೂ ಇರುವ ಸಂಬಂಧವು ಸಮುದ್ರದ ನೀರಿಗೂ ಉಪ್ಪಿನ ಮೂಟೆಗೂ ಇರುವಂಥದು.

ಪನೀರು ಮಾಡುವಾಗ ಪ್ರೋಟೀನು ಹೆಚ್ಚಾಗಿ ನಷ್ಟವಾಗುವ ಸಂದರ್ಭವೂ ಉಂಟು. ಅದರ ಕಾರಣ ಹಾಲೊಡಕನ್ನು ಚೆಲ್ಲಿದ್ದಲ್ಲ, ಹಾಲನ್ನು ಒಡೆಯಿಸಿದ ರೀತಿ. ಇದನ್ನು ಬಣ್ಣದಿಂದಲೇ ಕಂಡುಹಿಡಿಯಬಹುದು. ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಹಾಕಿ, ಹಿಂದೆ ಅಚ್ಚಿನ ಕಾಗದವನ್ನು ಹಿಡಿಯಿರಿ. ಅಕ್ಷರಗಳು ಹಳದಿಯ ನೀರಿನ ಮೂಲಕ ಕಾಣುವಂತಿದ್ದರೆ ಕೆಲಸ ಚೆನ್ನಾಗಿ ಆಗಿದೆ. ನೀರು ಬೆಳ್ಳಗೆ, ತೆಳುಹಾಲಿನಂತೆ ಇದ್ದು ಅಕ್ಷರಗಳು ಮಸುಕಾದರೆ, ಬೆಳಕನ್ನು ಚೆದುರಿಸುವ ಕೇಸೀನೂ ಜಿಡ್ಡೂ ಇನ್ನೂ ಅದರಲ್ಲಿ ಉಳಿದಿವೆಯೆಂದೇ ಅರ್ಥ. ಅಂಥ ನೀರನ್ನು ಚೆಲ್ಲುವವರು ಪನೀರನ್ನೇ ಚೆಲ್ಲುತ್ತಾರೆ.

ನೀರು ಬೆಳ್ಳಗಾಗಲು ಸಾಮಾನ್ಯವಾಗಿ ಎರಡು ಕಾರಣಗಳು. ಹುಳಿ ಸಾಲದೆ ಹೋದದ್ದು ಒಂದು. ನಿಂಬೆಯ ಹಣ್ಣುಗಳ ಹುಳಿ ಒಂದೇ ಸಮನಲ್ಲವಾದುದರಿಂದ ‘ಲೀಟರಿಗೆ ಒಂದು ಹಣ್ಣು’ ಎಂಬ ಲೆಕ್ಕ ನೆಚ್ಚತಕ್ಕದ್ದಲ್ಲ. ರಸಕ್ಕೆ ಸ್ವಲ್ಪ ನೀರು ಬೆರೆಸಿ, ಚಮಚ ಚಮಚವಾಗಿ ಹಾಕುತ್ತ, ನೀರು ತಿಳಿಯಾದೊಡನೆ ನಿಲ್ಲಿಸಬೇಕು. ಆತುರವು ಇನ್ನೊಂದು ಕಾರಣ. ಹುಳಿ ಹಾಕಿದ ಮೇಲೆ ಜೋರಾಗಿ ಕದಡಿದರೆ ಗರಣೆ ನುಚ್ಚಾಗಿ ಬಟ್ಟೆಯ ಕಣ್ಣುಗಳಲ್ಲಿ ನುಸುಳುತ್ತದೆ. ಮೆಲ್ಲನೆ ತಿರುವಿ, ಐದು ನಿಮಿಷ ಮುಚ್ಚಿಟ್ಟು, ಅನಂತರ ಸೋಸಬೇಕು. ಇವೆರಡಕ್ಕಿಂತ ಮೊದಲು ಮಾಡಬೇಕಾದ ಕೆಲಸ ಕುದಿಸುವುದು. ಪ್ಯಾಕೆಟ್ಟಿನ ಹಾಲನ್ನು ಆಗಲೇ ಪಾಶ್ಚರೀಕರಿಸಿದ್ದಾರೆ, ಮತ್ತೇಕೆ ಕುದಿಸಬೇಕೆಂದು ಕೆಲವರು ಕೇಳುವರು. ಪಾಶ್ಚರೀಕರಣವೆಂದರೆ ಸಾಮಾನ್ಯವಾಗಿ ೭೨ ಡಿಗ್ರಿಯಲ್ಲಿ ಹದಿನೈದು ಸೆಕೆಂಡು. ರೋಗಾಣುಗಳನ್ನು ಕೊಲ್ಲಲು ಅದು ಸಾಕು, ಹಾಲೊಡಕಿನ ಪ್ರೋಟೀನನ್ನು ಬಿಚ್ಚಲು ಸಾಲದು. ಸೌಟಿನಿಂದ ತಿರುವುತ್ತ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಯಗೊಟ್ಟು, ಒಲೆಯಿಂದ ಇಳಿಸಿ, ಉಕ್ಕು ಆರಿದ ಮೇಲೆ ಹುಳಿ ಹಾಕುವವರು ಈ ಪ್ರೋಟೀನಿನ ಬಹುಪಾಲನ್ನು ಪನೀರಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತಾರೆ. ಪ್ರೋಟೀನನ್ನು ಉಳಿಸುವ ಕಾಲವು ಒಲೆಯ ಮೇಲಿನ ಆ ಐದಾರು ನಿಮಿಷ. ಸೋಸಿದ ಮೇಲೆ ಉಳಿಸಲು ಹೆಚ್ಚೇನೂ ಇರುವುದಿಲ್ಲ.

ಇಷ್ಟಾದರೂ ಆ ನೀರನ್ನು ಚೆಲ್ಲಬೇಕೆಂದು ನಾವು ಹೇಳುವುದಿಲ್ಲ. ಸಕ್ಕರೆ, ಲವಣಾಂಶ, ರೈಬೋಫ್ಲೇವಿನ್ ಇರುವ ಶುಚಿಯಾದ, ಕುದಿದ ನೀರನ್ನು ಬಚ್ಚಲಿಗೆ ಕಳುಹಿಸುವುದು ದಂಡವೇ. ಚಪಾತಿಯ ಹಿಟ್ಟನ್ನು ಅದರಿಂದ ಕಲಸಬಹುದು. ಹುಳಿಯಿರುವುದರಿಂದ ಒಂದೆಲಗದ ತಂಬುಳಿಗೆ ಮಜ್ಜಿಗೆಯ ಒಂದು ಪಾಲಿನ ಬದಲಾಗಿ ಅದನ್ನು ಬಳಸಬಹುದು. ಸಾರಿಗೂ ಹಾಕಬಹುದು, ಆದರೆ ಬೇಳೆ ಬೆಂದ ಮೇಲೆ ಹಾಕಬೇಕು, ಏಕೆಂದರೆ ಹುಳಿ ಮತ್ತು ಸುಣ್ಣದಂಶ ಎರಡೂ ಬೇಳೆಯನ್ನು ಬೇಗ ಮೆತ್ತಗಾಗಗೊಡುವುದಿಲ್ಲ. ಬಂಗಾಳದಲ್ಲಿ ಛೇನಾ ಮಾಡುವವರು ಹಿಂದಿನ ದಿನದ ಹಾಲೊಡಕನ್ನು ಹುಳಿಗೊಳಿಸಿ, ಮರುದಿನದ ಹಾಲನ್ನು ಒಡೆಯಿಸಲು ಅದನ್ನೇ ಬಳಸುವರು. ನಾವೂ ಹಾಗೆ ಮಾಡಿದರೆ ನಿಂಬೆಯ ಖರ್ಚೂ ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಹೊರಗಿಟ್ಟರೆ ಬಹಳ ಹೊತ್ತು ನಿಲ್ಲದು. ಅಂದೇ ಬಳಸಬೇಕು, ಇಲ್ಲವೇ ಶೀತಕಪೆಟ್ಟಿಗೆಯಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವವರು ಇದನ್ನು ಲೋಟಗಟ್ಟಲೆ ಕುಡಿಯಬಾರದು. ಅವರನ್ನು ಕಾಡುವ ಲ್ಯಾಕ್ಟೋಸೇ ಇದರಲ್ಲಿ ತುಂಬಿದೆ.

ದಿನವೂ ಬಹಳ ಪನೀರು ಮಾಡುವ ಹೋಟೆಲುಗಳಿಗೆ ಇನ್ನೊಂದು ಕರ್ತವ್ಯವಿದೆ. ಹಾಲೊಡಕು ನಿಂತ ನೀರನ್ನು ಸೇರಿದರೆ, ಅದರ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಒಂದು ಲೀಟರು ಹಾಲೊಡಕಿಗೆ ಹೀಗೆ ಬೇಕಾಗುವ ಆಮ್ಲಜನಕವು ೩೦ ಗ್ರಾಮಿಗೂ ಹೆಚ್ಚು. ನಮ್ಮ ಕಡೆಯ ಉಷ್ಣತೆಯಲ್ಲಿ ಒಂದು ಲೀಟರು ಶುದ್ಧ ನೀರು ಕರಗಿಸಿಕೊಂಡಿರಬಲ್ಲ ಆಮ್ಲಜನಕವು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಭಾಗಿಸಿ ನೋಡಿದರೆ ಒಂದು ಲೀಟರು ಹಾಲೊಡಕು ನಾಲ್ಕು ಸಾವಿರ ಲೀಟರು ನೀರಿನ ಆಮ್ಲಜನಕವನ್ನು ಬರಿದುಮಾಡಬಲ್ಲುದು. ಮನೆಯ ಒಂದು ಪಾತ್ರೆ ತೆಂಗಿನ ಬುಡದಲ್ಲಿ ಇಂಗಿಹೋದರೆ ಅಪಾಯವಿಲ್ಲ. ದಿನಕ್ಕೆ ಹತ್ತಿಪ್ಪತ್ತು ಲೀಟರು ಬಾವಿಯ ಪಕ್ಕದ ಚರಂಡಿಗೆ ಹರಿಯುವುದು ಬೇರೆಯ ಮಾತು.

ಆ ವಿದ್ಯಾರ್ಥಿನಿಗೆ ನಾವು ಹೇಳಿದ್ದು ಇಷ್ಟೆ: ತಮ್ಮನ ಲೋಟಕ್ಕೆ ಹಾಲು ಮರಳಿ ಬರಲಿ, ಪನೀರಿನ ನೀರು ಚಪಾತಿಯ ಹಿಟ್ಟಿಗೆ ಹೋಗಲಿ. ಮೇಲೆ ವಿವರಿಸಿದ ಎರಡು ಪಾತ್ರೆಗಳ ಪ್ರಯೋಗವನ್ನು ಅಮ್ಮನ ಎದುರಿಗೇ ಮಾಡಿ ತೋರಿಸೆಂದೂ ಹೇಳಿದೆವು. ಮುಂದಿನ ವಾರ ಅವಳು ಬಂದು, “ಮೊದಲನೆಯ ನೀರಿನಲ್ಲಿ ಬಿಳಿ ಚೂರು ಎದ್ದಿತು ಸರ್, ಎರಡನೆಯದರಲ್ಲಿ ಏಳಲೇ ಇಲ್ಲ. ಅಮ್ಮ ಇನ್ನೊಂದು ಸಲ ಕುದಿಸಿ ನೋಡಿದರು, ಆಗಲೂ ಏಳಲಿಲ್ಲ” ಎಂದಳು. ಅಷ್ಟು ಹೊತ್ತಿಗೆ ಅವಳ ತಮ್ಮನಿಗೆ ಸಂಜೆಯ ಹಾಲು ಪುನಃ ದೊರೆಯತೊಡಗಿತ್ತು.